‘ಏಳೂವರೆವರೆಗೆ ಇರಬೇಕು’: ಒಂದೇ ಮಾತು, ಐದು ಕಾರಣ

ಈ ಪ್ರಕರಣ ಒಂದು ಗಾರ್ಮೆಂಟ್ಸ್ ಕಾರ್ಖಾನೆಯದು. ಮ್ಯಾನೇಜ್‌ಮೆಂಟ್ ತರಗತಿಯಲ್ಲಿ ಪವರ್, ಅಂದರೆ ಒಬ್ಬರ ಮಾತನ್ನು ಇನ್ನೊಬ್ಬರು ಕೇಳುವಂತೆ ಮಾಡುವ ಬಲ, ಎಂಬ ಪಾಠ ಮಾಡುವಾಗ ಬಳಸಲೆಂದು ಕಟ್ಟಿದ್ದು. ಇದರಲ್ಲಿ ಬರುವ ಮ್ಯಾನೇಜರ್ ಆಗಲಿ, ಟೈಲರ್‌ಗಳಾಗಲಿ ನಿಜವಾದ ವ್ಯಕ್ತಿಗಳಲ್ಲ. ಕೆಲಸದ ವಿವರಗಳು ಮಾತ್ರ ಬೆಂಗಳೂರಿನ ಸುತ್ತಮುತ್ತ ಯಾವ ಹೊಲಿಗೆ ಫ್ಲೋರ್‌ಗೆ ಹೋದರೂ ಕಾಣುವಂಥವು.

ಲೈನ್‌ನಲ್ಲಿ 40 ಮಷೀನು. ವಿದೇಶಕ್ಕೆ ಹೋಗುವ ತೆಳು ಕಾಟನ್ ಶರ್ಟು. ಟಾರ್ಗೆಟ್ ಗಂಟೆಗೆ 60 ಪೀಸು, ದಿನಕ್ಕೆ ಎಂಟು ಗಂಟೆ ಕೆಲಸ, ಅಂದರೆ 480. ಸೋಮವಾರ ಬೆಳಗ್ಗೆ ಹೊಲಿಯಲು ಬಾಕಿ ಇದ್ದದ್ದು 2,400 ಪೀಸು. ಶನಿವಾರ ಬೆಳಗ್ಗೆ ಲಾರಿ ತುಂಬಬೇಕು. ಐದು ದಿನಕ್ಕೆ ಲೆಕ್ಕ ಸರಿಯಾಗಿ ಕೂರುತ್ತದೆ, ಒಂದು ಗಂಟೆಯೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಇಂಥ ಲೆಕ್ಕ ಯಾವ ಫ್ಲೋರ್‌ನಲ್ಲೂ ಹಾಗೇ ಉಳಿಯುವುದಿಲ್ಲ.

ಪ್ರೊಡಕ್ಷನ್ ಮ್ಯಾನೇಜರ್ ಒಬ್ಬ ಹೆಂಗಸು. ಟೈಲರ್ ಆಗಿ ಸೇರಿ, ಸೂಪರ್‌ವೈಸರ್ ಆಗಿ, ಫ್ಲೋರ್ ಇನ್‌ಚಾರ್ಜ್ ಆಗಿ ಮೇಲೆ ಬಂದವರು. ಸೂಪರ್‌ವೈಸರ್‌ಗಳು ‘ಮೇಡಂ’ ಅನ್ನುತ್ತಾರೆ. ಹಳೆಯ ಟೈಲರ್‌ಗಳಲ್ಲಿ ಕೆಲವರ ಬಾಯಲ್ಲಿ ಇನ್ನೂ ‘ಅಕ್ಕ’.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ಬಟನ್ ಪಟ್ಟಿಯ ಹೊಲಿಗೆ ಉದ್ದಕ್ಕೂ ಸಣ್ಣ ಸುಕ್ಕು ಬರಲು ಶುರುವಾಯಿತು. ಚೆಕ್ಕಿಂಗ್ ಟೇಬಲ್‌ನಿಂದ ಬಂಡಲ್‌ಗಳು ವಾಪಸ್ ಬಂದವು. ಸುಕ್ಕು ಬಂದದ್ದನ್ನು ಬಿಚ್ಚಿ ಮತ್ತೆ ಹೊಲಿಯುವುದರಲ್ಲಿ ಸೋಮವಾರ, ಮಂಗಳವಾರ ಎರಡೂ ದಿನ ಸೇರಿ 780 ಪೀಸು ಮಾತ್ರ ಆಯಿತು. ಆಗಬೇಕಿದ್ದದ್ದು 960. ಕೊರತೆ 180 ಪೀಸು, ಅಂದರೆ ಮೂರು ಗಂಟೆಯ ಕೆಲಸ. ಬುಧವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಮ್ಯಾನೇಜರ್ ಲೈನ್‌ನ ತಲೆಭಾಗದಲ್ಲಿ ನಿಂತು ಹೇಳಿದರು: “ಇವತ್ತು ಏಳೂವರೆವರೆಗೆ ಇರಬೇಕು. ನಾಳೆ ಒಂದು ಗಂಟೆ. ಅಷ್ಟಾದರೆ ಭಾನುವಾರ ಯಾರೂ ಬರೋದು ಬೇಡ.” ಶಿಫ್ಟ್ ಮುಗಿಯುವುದು ಐದೂವರೆಗೆ.

ಎಲ್ಲರೂ ಉಳಿದರು. ಪ್ರಶ್ನೆ ಇರುವುದು ಇಲ್ಲಿ: ಅವರನ್ನು ಉಳಿಸಿದ್ದು ಯಾವ ಪವರ್?

ಕ್ವಿಜ್‌ನಲ್ಲಿ ಇದನ್ನು ಸಾಮಾನ್ಯವಾಗಿ ಹೀಗೆ ಕೇಳುತ್ತಾರೆ: ‘ಶಿಪ್‌ಮೆಂಟ್ ತಡವಾಗದಿರಲು ಮ್ಯಾನೇಜರ್ ಒಬ್ಬರು ಕಾರ್ಮಿಕರಿಗೆ ಎರಡು ಗಂಟೆ ಹೆಚ್ಚು ಕೆಲಸ ಮಾಡುವಂತೆ ಹೇಳುತ್ತಾರೆ. ಕಾರ್ಮಿಕರು ಒಪ್ಪುತ್ತಾರೆ. ಇಲ್ಲಿ ಬಳಕೆಯಾದ ಪವರ್ ಯಾವುದು?’ ಕೆಳಗೆ ನಾಲ್ಕು ಆಯ್ಕೆ: ಲೆಜಿಟಿಮೇಟ್, ಎಕ್ಸ್‌ಪರ್ಟ್, ರೆಫರೆಂಟ್, ಕೋಯರ್ಸಿವ್. ಕೀ ಉತ್ತರ ಲೆಜಿಟಿಮೇಟ್ ಎಂದಿರುತ್ತದೆ. ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ ಕೋಯರ್ಸಿವ್ ಎಂದು ಬರೆದರೆ ಅವರನ್ನು ತಪ್ಪು ಅನ್ನಲು ಆ ಪ್ರಶ್ನೆಯೊಳಗೆ ಏನೂ ಇಲ್ಲ. ಒಪ್ಪಿದವರು ಯಾಕೆ ಒಪ್ಪಿದರು ಎಂಬುದನ್ನೇ ಪ್ರಶ್ನೆ ಬಿಟ್ಟುಬಿಟ್ಟಿದೆ.

ಈ ವಿಂಗಡಣೆ ಮಾಡಿದವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿದ್ದ ಸಮಾಜ ಮನೋವಿಜ್ಞಾನಿಗಳಾದ ಜಾನ್ ಫ್ರೆಂಚ್ ಮತ್ತು ಬರ್ಟ್ರಮ್ ರೇವನ್. ಬರಹ ಬಂದದ್ದು 1959ರಲ್ಲಿ. ಅವರು ಹೇಳಿದ್ದು ಐದು ಬಗೆ. ಮೇಲಿನ ನಾಲ್ಕರ ಜೊತೆ ಇನ್ನೊಂದು ರಿವಾರ್ಡ್, ಅಂದರೆ ಏನೋ ಸಿಗುತ್ತದೆ ಎಂಬ ಕಾರಣಕ್ಕೆ ಮಾತು ಕೇಳುವುದು. ಅವರ ಬರಹದಲ್ಲಿ ಒಂದು ಸಂಗತಿ ಪದೇ ಪದೇ ಬರುತ್ತದೆ, ಗೈಡ್‌ಗಳಲ್ಲಿ ಅದೇ ಮಾಯವಾಗಿರುತ್ತದೆ: ಪವರ್‌ನ ಬುಡ ಇರುವುದು ಆಜ್ಞೆ ಮಾಡುವವರ ಕೈಯಲ್ಲಲ್ಲ, ಕೇಳುವವರ ಮನಸ್ಸಿನಲ್ಲಿ. ಇವರು ನನಗೆ ಶಿಕ್ಷೆ ಕೊಡಬಲ್ಲರು ಎಂದು ಕೇಳುವವಳಿಗೆ ಅನ್ನಿಸಿದರೆ ಅದು ಕೋಯರ್ಸಿವ್. ಇದನ್ನು ಹೇಳುವ ಹಕ್ಕು ಇವರಿಗಿದೆ, ಕೇಳುವುದು ನನ್ನ ಕರ್ತವ್ಯ ಅನ್ನಿಸಿದರೆ ಲೆಜಿಟಿಮೇಟ್. ಈ ವಿಷಯ ಇವರಿಗೆ ನನಗಿಂತ ಚೆನ್ನಾಗಿ ಗೊತ್ತು ಅನ್ನಿಸಿದರೆ ಎಕ್ಸ್‌ಪರ್ಟ್. ಇವರ ಹಾಗೆ ಇರಬೇಕು, ಇವರ ಕಡೆಯವಳಾಗಿರಬೇಕು ಅನ್ನಿಸಿದರೆ ರೆಫರೆಂಟ್. ನಾಲ್ಕರಲ್ಲೂ ‘ಅನ್ನಿಸಿದರೆ’ ಎಂಬುದೇ ಮುಖ್ಯ. ಮ್ಯಾನೇಜರ್‌ಗೆ ನಿಜವಾಗಿ ಶಿಕ್ಷೆ ಕೊಡುವ ಅಧಿಕಾರ ಇಲ್ಲದೇ ಇರಬಹುದು. ಇದೆ ಎಂದು ಟೈಲರ್ ನಂಬಿದ್ದರೆ ಸಾಕು.

ಆದ್ದರಿಂದ ಬುಧವಾರ ಸಂಜೆಗೆ ಹೋಗೋಣ. ಮ್ಯಾನೇಜರ್ ಮಾತು ಒಂದೇ. ಲೈನ್‌ನಲ್ಲಿ ಒಬ್ಬರ ಹಿಂದೊಬ್ಬರು ಕೂತಿರುವ ಐವರನ್ನು ತೆಗೆದುಕೊಳ್ಳಿ.

ಕಾಲರ್ ಕೂಡಿಸುವವಳು ಪಕ್ಕದವಳಿಗೆ ಹೇಳುತ್ತಾಳೆ: “ಮ್ಯಾನೇಜರ್ ಹೇಳಿದ್ಮೇಲೆ ಇರಬೇಕಲ್ವಾ? ಅವರಲ್ಲದೆ ಇನ್ಯಾರು ಹೇಳಬೇಕು.” ಅವಳಿಗೆ ಸಿಟ್ಟೂ ಇಲ್ಲ, ಸಂಭ್ರಮವೂ ಇಲ್ಲ. ಕೆಲಸಕ್ಕೆ ಸೇರಿದ ಮೇಲೆ ಇಂಥದ್ದೆಲ್ಲ ಇರುವುದೇ ಎಂಬ ಒಪ್ಪಿಗೆ. ಇದು ಲೆಜಿಟಿಮೇಟ್. ಹೊಸ ಮ್ಯಾನೇಜರ್ ಬಂದು ಇದೇ ಮಾತು ಹೇಳಿದ್ದರೂ ಅವಳು ಇರುತ್ತಿದ್ದಳು.

ತೋಳು ಕೂಡಿಸುವವಳಿಗೆ ನೆನಪಾಗಿದ್ದು ಹೋದ ತಿಂಗಳ ಸಂಗತಿ. ಮಗುವಿಗೆ ಜ್ವರ ಎಂದು ಐದೂವರೆಗೇ ಹೊರಟ ಒಬ್ಬಳನ್ನು ಮರುದಿನದಿಂದ ಯಾರೂ ಒಪ್ಪದ ಕಷ್ಟದ ಆಪರೇಷನ್‌ಗೆ ಹಾಕಿದ್ದರು. ಕಾರಣ ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಬುಧವಾರ ಮ್ಯಾನೇಜರ್ ಗದರಿಸಲಿಲ್ಲ, ಬೆದರಿಕೆಯ ಒಂದು ಪದವೂ ಬರಲಿಲ್ಲ. ಆದರೂ ಇವಳು ಉಳಿದದ್ದು ಭಯಕ್ಕೆ. ಇದು ಕೋಯರ್ಸಿವ್. ದನಿ ಏರಿದ್ದರೆ ಮಾತ್ರ ಕೋಯರ್ಸಿವ್ ಎಂದುಕೊಂಡ ವಿದ್ಯಾರ್ಥಿ ಇಲ್ಲಿ ಎಡವುತ್ತಾನೆ. ಮೆಲುದನಿಯಲ್ಲಿ ನಡೆಯುವ ಕೋಯರ್ಸಿವ್ ಪವರ್ ಜೋರು ದನಿಯದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಕಫ್ ಮಾಡುವ ಹುಡುಗಿ ಕೆಲಸಕ್ಕೆ ಸೇರಿ ಎರಡು ವರ್ಷ. “ಅಕ್ಕನೂ ಇದೇ ಮಷೀನಲ್ಲಿ ಕೂತವರು. ಅವರು ನಿಂತಿರುವಾಗ ನಾನು ಬ್ಯಾಗ್ ಹಾಕ್ಕೊಂಡು ಹೋಗೋದಾ?” ಅನ್ನುತ್ತಾಳೆ. ಮುಂದೊಂದು ದಿನ ತಾನೂ ಸೂಪರ್‌ವೈಸರ್ ಆಗಬೇಕು, ಅಕ್ಕನ ಹಾಗೆ ಫ್ಲೋರ್ ನೋಡಿಕೊಳ್ಳಬೇಕು ಎಂದು ಅವಳ ಆಸೆ. ಇದು ರೆಫರೆಂಟ್.

ಬಟನ್ ಪಟ್ಟಿ ಹೊಲಿಯುವವಳು ಉಳಿದದ್ದಕ್ಕೆ ಕಾರಣ ಬೇರೆ. “ಮೂರು ಗಂಟೆ ಅಂದ್ರೆ ಮೂರೇ ಗಂಟೆ. ಅವರ ಲೆಕ್ಕ ಯಾವತ್ತೂ ತಪ್ಪಿಲ್ಲ. ಇವತ್ತು ಇದ್ದುಬಿಟ್ರೆ ಭಾನುವಾರ ಊರಿಗೆ ಹೋಗಬಹುದು.” ಲೈನ್ ಹೇಗೆ ಓಡುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ, ಕೊರತೆ ತುಂಬಲು ಎಷ್ಟು ಹೊತ್ತು ಬೇಕು ಎಂಬುದು ಮ್ಯಾನೇಜರ್‌ಗೆ ಗೊತ್ತಿದೆ ಎಂದು ಅವಳು ನಂಬಿದ್ದಾಳೆ. ಇದು ಎಕ್ಸ್‌ಪರ್ಟ್.

ಐದನೆಯವಳು ಗುಂಡಿ ಹಾಕುವವಳು. ಓವರ್‌ಟೈಮ್‌ಗೆ ಕಾನೂನಿನ ಪ್ರಕಾರ ದುಪ್ಪಟ್ಟು ಕೂಲಿ. ಸಂಘದ ಸಾಲದ ಕಂತು ಕಟ್ಟುವ ವಾರ ಅದು. ಅವಳು ಉಳಿದದ್ದು ರಿವಾರ್ಡ್‌ಗೆ, ಅದು ನಮ್ಮ ನಾಲ್ಕು ಆಯ್ಕೆಗಳಲ್ಲಿ ಇಲ್ಲವೇ ಇಲ್ಲ. ನಾಲ್ಕೇ ಆಯ್ಕೆ ಕೊಡುವ ಪ್ರಶ್ನೆಯಲ್ಲಿ ಹೆಚ್ಚುವರಿ ಕೂಲಿಯ ಮಾತು ಬಂದರೆ ಸರಿ ಉತ್ತರವೇ ಪಟ್ಟಿಯಲ್ಲಿ ಇರುವುದಿಲ್ಲ. ಪ್ರಶ್ನೆ ಬರೆಯುವಾಗ ಇದನ್ನು ನೋಡಿಕೊಳ್ಳುವವರು ಕಮ್ಮಿ.

ಈ ಐವರನ್ನು ಕಟ್ಟಿದ್ದಕ್ಕೆ ಕಾರಣವಿದೆ. ಹೊರಗಿನಿಂದ ನೋಡುವವನಿಗೆ ಐದೂ ಮಷೀನು ಏಳೂವರೆವರೆಗೆ ಓಡುತ್ತಿವೆ, ಅಷ್ಟೇ. ವ್ಯತ್ಯಾಸ ಕಂಡದ್ದು ಗುರುವಾರ.

ಗುರುವಾರ ಮ್ಯಾನೇಜರ್ ಹೆಡ್ ಆಫೀಸ್‌ಗೆ ಹೋಗಬೇಕಾಯಿತು. ಸಂಜೆ ಐದೂವರೆಯಿಂದ ಆರೂವರೆ, ಆ ಬಾಕಿ ಒಂದು ಗಂಟೆ, ಅವರಿಲ್ಲದೆ ನಡೆಯಬೇಕು. ತೋಳು ಕೂಡಿಸುವವಳು ನಾಲ್ಕು ಗಂಟೆಗೇ ಸೂಪರ್‌ವೈಸರ್‌ನ ಕೇಳಿದಳು: “ಸಾರ್, ಮೇಡಂ ವಾಪಸ್ ಬರ್ತಾರಾ?” ಇಲ್ಲ ಎಂದು ಗೊತ್ತಾಯಿತು. ಹೆಸರು ಬರೆದುಕೊಳ್ಳುವ ಜಾಯಮಾನ ಆ ಸೂಪರ್‌ವೈಸರ್‌ದಲ್ಲ ಎಂಬುದೂ ಅವಳಿಗೆ ಗೊತ್ತು. ಐದೂವರೆಗೆ ಪಂಚ್ ಮಾಡಿ ಹೊರಟಳು. ಕಾಲರ್‌ನವಳು ಇದ್ದಳು, ನಿನ್ನೆ ಹೇಳಿದ ಮಾತು ಇವತ್ತಿಗೂ ಮಾತೇ. ಕಫ್ ಹುಡುಗಿ ಇದ್ದಳು. ಬಟನ್ ಪಟ್ಟಿಯವಳು ಇದ್ದಳು, ಬೋರ್ಡ್ ಮೇಲೆ ಇನ್ನೂ 60 ಪೀಸು ಕೊರತೆ ಕಾಣುತ್ತಿತ್ತಲ್ಲ. ಗುಂಡಿಯವಳೂ ಇದ್ದಳು. ಕೂಲಿಯನ್ನು ಲೆಕ್ಕ ಹಾಕುವುದು ಪಂಚಿಂಗ್ ಮಷೀನು, ಅದು ಹೆಡ್ ಆಫೀಸ್‌ಗೆ ಹೋಗುವುದಿಲ್ಲ.

ಶಿಕ್ಷೆಯ ಭಯ ಕೆಲಸ ಮಾಡಬೇಕಾದರೆ ಯಾರಾದರೂ ನೋಡುತ್ತಿರಬೇಕು. ಫ್ರೆಂಚ್, ರೇವನ್ ಇಬ್ಬರೂ ಒತ್ತಿ ಹೇಳಿದ ವ್ಯತ್ಯಾಸ ಇದು: ಕೋಯರ್ಸಿವ್‌ನಲ್ಲಿ ಹೊರಗಿನ ನಡೆ ಬದಲಾಗುತ್ತದೆ, ಒಳಗಿನ ಒಪ್ಪಿಗೆ ಬರುವುದಿಲ್ಲ. ಕಣ್ಣು ಅತ್ತ ತಿರುಗಿದ ಕೂಡಲೇ ನಡೆಯೂ ಹಳೆಯ ದಾರಿಗೆ ಬರುತ್ತದೆ. ಇಲ್ಲಿ ‘ಕಣ್ಣು’ ಅಂದರೆ ಮ್ಯಾನೇಜರ್ ಮೈಯೇ ಆಗಬೇಕಿಲ್ಲ. ಸಿಸಿಟಿವಿ ಆಗಬಹುದು, ಹೆಸರು ಬರೆಯುವ ಸೂಪರ್‌ವೈಸರ್ ಆಗಬಹುದು, ಚಾಡಿ ಹೇಳುವ ಪಕ್ಕದವಳೂ ಆಗಬಹುದು. ‘ಮ್ಯಾನೇಜರ್ ರಜೆಯಲ್ಲಿದ್ದರೂ ಕೆಲಸ ನಡೆಯಿತು, ಆದ್ದರಿಂದ ಕೋಯರ್ಸಿವ್ ಅಲ್ಲ’ ಎಂದು ಬರೆಯುವ ಮುಂಚೆ ನೋಡುವ ವ್ಯವಸ್ಥೆ ಬೇರೆ ಏನಿತ್ತು ಎಂದು ಕೇಳಿಕೊಳ್ಳಬೇಕು.

ಯಾರೂ ನೋಡದಿದ್ದರೂ ನಡೆಯುತ್ತದಾ ಎಂಬ ಈ ಪ್ರಶ್ನೆ ಕೋಯರ್ಸಿವ್ ಅನ್ನು ಆಯ್ಕೆಗಳಲ್ಲಿನ ಉಳಿದ ಮೂರರಿಂದ ಬೇರೆ ಮಾಡುತ್ತದೆ. ಆ ಮೂರನ್ನು ಬಿಡಿಸಲು ಇನ್ನೊಂದು ಪ್ರಶ್ನೆ ಬೇಕು: ಇದೇ ಕುರ್ಚಿಯಲ್ಲಿ ನಾಳೆ ಬೇರೆಯವರು ಕೂತು ಇದೇ ಮಾತು ಹೇಳಿದರೆ ನಡೆಯುತ್ತದಾ? ನಡೆದರೆ ಪವರ್ ಕುರ್ಚಿಯದು, ಅಂದರೆ ಲೆಜಿಟಿಮೇಟ್. ನಡೆಯದಿದ್ದರೆ ಅದು ವ್ಯಕ್ತಿಯ ಜೊತೆಗೇ ಹೋಗುವಂಥದ್ದು, ಎಕ್ಸ್‌ಪರ್ಟ್ ಅಥವಾ ರೆಫರೆಂಟ್. ಇವೆರಡರ ನಡುವೆ ಮಾತ್ರ ಗೆರೆ ಎಳೆಯಲು ಸ್ವಲ್ಪ ಸಾವಧಾನ ಬೇಕು, ಅದಕ್ಕೆ ಬಟನ್ ಪಟ್ಟಿಯ ಸುಕ್ಕಿಗೆ ವಾಪಸ್ ಹೋಗಬೇಕು.

ಮಂಗಳವಾರ ಮಧ್ಯಾಹ್ನ ನಡೆದದ್ದು ಇಷ್ಟು. ಮೆಕ್ಯಾನಿಕ್ ಬಂದು ಮಷೀನಿಗೆ ಎಣ್ಣೆ ಹಾಕಿ ಹೋಗಿದ್ದ, ಸುಕ್ಕು ಹೋಗಿರಲಿಲ್ಲ. ಮ್ಯಾನೇಜರ್ ಬಂದು ಪೀಸನ್ನು ಬೆಳಕಿಗೆ ಹಿಡಿದರು, ಹೊಲಿಗೆಯನ್ನು ಎರಡೂ ಹೆಬ್ಬೆರಳಿನಿಂದ ಅಗಲಿಸಿ ನೋಡಿದರು. “ಹದಿನಾಲ್ಕು ನಂಬರ್ ಸೂಜಿ ಹಾಕಿದ್ದೀಯಾ? ಈ ಬಟ್ಟೆಗೆ ಹನ್ನೊಂದು ಹಾಕು. ಮೇಲಿನ ದಾರ ಸ್ವಲ್ಪ ಸಡಿಲ ಮಾಡು. ಮಷೀನ್ ಪಾದದ ಒತ್ತಡವೂ ಜಾಸ್ತಿ ಇದೆ.” ಟೈಲರ್ ಮರುಮಾತಿಲ್ಲದೆ ಸೂಜಿ ಬದಲಿಸಿದಳು. ತೆಳು ಬಟ್ಟೆಯಲ್ಲಿ ದಪ್ಪ ಸೂಜಿ ನೂಲೆಳೆಗಳನ್ನು ಪಕ್ಕಕ್ಕೆ ತಳ್ಳುತ್ತದೆ, ಬಿಗಿ ದಾರ ಹೊಲಿದ ಮೇಲೆ ಬಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಸುಕ್ಕು ಬರುವುದು ಹಾಗೆ.

ಇದನ್ನು ಪ್ರಶ್ನೆಯಾಗಿಸಿದರೆ: ‘ಮ್ಯಾನೇಜರ್ ಹೇಳಿದ ಸೂಜಿಯನ್ನು ಟೈಲರ್ ಹಾಕಿದಳು. ಯಾಕೆಂದು ಅವಳಿಗೆ ಅರ್ಥವಾಗಿರಲಿಲ್ಲ, ಆದರೆ ಹೊಲಿಗೆ ವಿಷಯದಲ್ಲಿ ಅವರ ಮಾತು ಸರಿ ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು.’ ಉತ್ತರ ಎಕ್ಸ್‌ಪರ್ಟ್, ಚರ್ಚೆಗೆ ಜಾಗವಿಲ್ಲ. ‘ಅರ್ಥವಾಗಿರಲಿಲ್ಲ’ ಎಂಬ ಪದವೇ ಇಲ್ಲಿ ಕೆಲಸ ಮಾಡುತ್ತಿರುವುದು. ಅದೇ ಮ್ಯಾನೇಜರ್ ಹಳೆಯ ಸೂಜಿಯಲ್ಲೊಂದು, ಹೊಸದರಲ್ಲೊಂದು ಗೆರೆ ಹೊಲಿದು ಪಕ್ಕಪಕ್ಕ ಇಟ್ಟು ತೋರಿಸಿ, ಟೈಲರ್ “ಓ, ದಪ್ಪ ಸೂಜಿ ಬಟ್ಟೆ ಎಳೀತಿದೆ” ಎಂದು ತಾನೇ ಕಂಡುಕೊಂಡಿದ್ದರೆ? ಆಗ ಅವಳನ್ನು ಒಪ್ಪಿಸಿದ್ದು ಹೇಳಿದವರಲ್ಲ, ಹೇಳಿದ ವಿಷಯ. ಅದನ್ನು ಮೆಕ್ಯಾನಿಕ್ ತೋರಿಸಿದ್ದರೂ, ಹೆಲ್ಪರ್ ತೋರಿಸಿದ್ದರೂ ಅವಳು ಒಪ್ಪುತ್ತಿದ್ದಳು. ಇದನ್ನು ಫ್ರೆಂಚ್, ರೇವನ್ 1959ರಲ್ಲೇ ಎಕ್ಸ್‌ಪರ್ಟ್‌ನಿಂದ ಬೇರೆಯಾಗಿ ಇಟ್ಟಿದ್ದರು. 1965ರಲ್ಲಿ ರೇವನ್ ಇದನ್ನು ಆರನೆಯ ಬಗೆಯಾಗಿ ಸೇರಿಸಿದರು, ಹೆಸರು ಇನ್ಫರ್ಮೇಷನಲ್. ಆಯ್ಕೆಗಳಲ್ಲಿ ಇನ್ಫರ್ಮೇಷನಲ್ ಇಲ್ಲದಿದ್ದರೆ ವಿದ್ಯಾರ್ಥಿ ಎಕ್ಸ್‌ಪರ್ಟ್ ಬರೆಯುವುದು ಸರಿಯೇ. ಇದ್ದರೆ ಮಾತ್ರ ಪ್ರಶ್ನೆಯಲ್ಲಿ ‘ವಿವರಿಸಿ ತೋರಿಸಿದರು’ ಎಂದಿದೆಯಾ, ‘ಹೇಳಿದರು’ ಎಂದಿದೆಯಾ ಎಂದು ನೋಡಬೇಕು. ಬುಧವಾರದ ಓವರ್‌ಟೈಮ್‌ಗೂ ಇದು ಅನ್ವಯಿಸುತ್ತದೆ. ಮ್ಯಾನೇಜರ್ ಬೋರ್ಡ್ ಮೇಲೆ ‘960ರಲ್ಲಿ 780, ಬಾಕಿ 180, ಗಂಟೆಗೆ 60’ ಎಂದು ಬರೆದು, ಬಟನ್ ಪಟ್ಟಿಯವಳು ತಾನೇ ಭಾಗಿಸಿ ನೋಡಿ ಮೂರು ಗಂಟೆ ಎಂದುಕೊಂಡಿದ್ದರೆ ಅದು ಇನ್ಫರ್ಮೇಷನಲ್ ಆಗುತ್ತಿತ್ತು.

ಈಗ ಗೆರೆ ಎಳೆಯುವ ಮಾತು. ಶುಕ್ರವಾರ ಬೆಳಗ್ಗೆ ಒಂದು ಬಂಡಲ್‌ನಲ್ಲಿ ಮುಂಭಾಗದ ಎರಡು ತುಂಡುಗಳ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಕಂಡಿತು. ಒಂದು ತುಸು ತಿಳಿ, ಒಂದು ತುಸು ಗಾಢ, ಬೇರೆ ಬೇರೆ ತಾನಿನಿಂದ ಬಂದ ತುಂಡುಗಳು ಬೆರೆತಿದ್ದವು. ಕ್ವಾಲಿಟಿಯವರು ಬಂಡಲ್ ತಡೆಹಿಡಿಯಿರಿ ಎಂದರು. ಮ್ಯಾನೇಜರ್ “ವಾಷ್ ಆದ್ಮೇಲೆ ಒಂದೇ ಆಗುತ್ತೆ, ಹೊಲೀರಿ” ಎಂದರು. ಬಟನ್ ಪಟ್ಟಿಯವಳು ಕ್ವಾಲಿಟಿಯವರ ಮುಖ ನೋಡಿದಳು. ಕಫ್ ಹುಡುಗಿ ಹೊಲಿಯಲು ಶುರು ಮಾಡಿದಳು. ವಾಷ್‌ನಿಂದ ಬಂದ ಮೇಲೂ ವ್ಯತ್ಯಾಸ ಹಾಗೇ ಇತ್ತು, ಅಷ್ಟೂ ಪೀಸು ರಿಜೆಕ್ಟ್.

ಬಟನ್ ಪಟ್ಟಿಯವಳು ಅನುಮಾನಿಸಿದ್ದು ಯಾಕೆ? ಅವಳ ನಂಬಿಕೆ ಇದ್ದದ್ದು ಮ್ಯಾನೇಜರ್‌ರ ಹೊಲಿಗೆಯ ತಿಳಿವಳಿಕೆ ಮೇಲೆ, ಲೈನ್‌ನ ಲೆಕ್ಕದ ಮೇಲೆ. ಬಣ್ಣ ಹಾಕುವುದು ಬೇರೆ ವಿದ್ಯೆ. ಎಕ್ಸ್‌ಪರ್ಟ್ ಪವರ್‌ಗೆ ಬೇಲಿ ಇರುತ್ತದೆ, ಬೇಲಿಯಾಚೆ ಅದು ನಡೆಯುವುದಿಲ್ಲ. ಅಷ್ಟೇ ಅಲ್ಲ, ಬೇಲಿ ದಾಟಿ ಚಲಾಯಿಸಲು ಹೋದರೆ ಬೇಲಿಯೊಳಗಿನದೂ ಸವೆಯುತ್ತದೆ ಎಂದು ಫ್ರೆಂಚ್ ಮತ್ತು ರೇವನ್ ಊಹಿಸಿದ್ದರು. ಮುಂದಿನ ವಾರ ಇದೇ ಮ್ಯಾನೇಜರ್ ದಾರದ ಬಿಗಿ ಬಗ್ಗೆ ಏನಾದರೂ ಹೇಳಿದಾಗ ಬಟನ್ ಪಟ್ಟಿಯವಳು ಒಂದು ಕ್ಷಣ ಯೋಚಿಸಿದರೆ ಆಶ್ಚರ್ಯವಿಲ್ಲ. ರೆಫರೆಂಟ್‌ಗೆ ಇಂಥ ಬೇಲಿ ಕಮ್ಮಿ. ಕಫ್ ಹುಡುಗಿ ಅಕ್ಕನ ಮಾತನ್ನು ಸೂಜಿಯಲ್ಲೂ ಕೇಳುತ್ತಾಳೆ, ಬಣ್ಣದಲ್ಲೂ ಕೇಳುತ್ತಾಳೆ, ಮಗಳನ್ನು ಯಾವ ಶಾಲೆಗೆ ಹಾಕಬೇಕು ಎಂಬುದರಲ್ಲೂ ಕೇಳುತ್ತಾಳೆ. ಕ್ವಿಜ್‌ನಲ್ಲಿ ಮ್ಯಾನೇಜರ್‌ರ ಮಾತು ಅವರಿಗೆ ಸಂಬಂಧವಿಲ್ಲದ ವಿಷಯದಲ್ಲೂ ನಡೆಯುತ್ತಿದೆ ಎಂದು ತೋರಿಸಿದ್ದರೆ ಎಕ್ಸ್‌ಪರ್ಟ್ ಅನ್ನು ಹೊಡೆದುಹಾಕಿ ರೆಫರೆಂಟ್ ಕಡೆ ವಾಲಬಹುದು.

ರೆಫರೆಂಟ್ ಬಗ್ಗೆ ಇನ್ನೊಂದು ಮಾತು ಹೇಳಬೇಕು, ಯಾಕೆಂದರೆ ಅತಿ ಹೆಚ್ಚು ತಪ್ಪು ಉತ್ತರ ಬರುವುದು ಇಲ್ಲಿ. ‘ಮ್ಯಾನೇಜರ್ ಎಲ್ಲರ ಜೊತೆ ನಗುನಗುತ್ತಾ ಮಾತಾಡುತ್ತಾರೆ, ಹುಟ್ಟುಹಬ್ಬಕ್ಕೆ ಕೇಕ್ ತರಿಸುತ್ತಾರೆ’ ಎಂದು ಬರೆದಿದ್ದರೆ ರೆಫರೆಂಟ್ ಎಂದು ಟಿಕ್ ಮಾಡುವವರು ಬಹಳ. ಅದು ಮ್ಯಾನೇಜರ್‌ರ ಸ್ವಭಾವ, ಟೈಲರ್‌ಗಳ ಕಾರಣ ಅಲ್ಲ. ಕಫ್ ಹುಡುಗಿಯ ಪಕ್ಕ ಇನ್ನೊಬ್ಬಳು ಕೂತಿದ್ದಾಳೆ ಅಂದುಕೊಳ್ಳಿ. ಅವಳೂ ‘ಅಕ್ಕ’ ಎಂದೇ ಕರೆಯುತ್ತಾಳೆ, ಅವಳೂ ಬುಧವಾರ ಉಳಿದಳು. ಆದರೆ ಅವಳ ಮನಸ್ಸಿನಲ್ಲಿದ್ದದ್ದು: ಹೋದರೆ ಅಕ್ಕ ನಾಳೆಯಿಂದ ಮಾತು ಬಿಡುತ್ತಾರೆ, ಎಲ್ಲರೆದುರು ಹೀಯಾಳಿಸುತ್ತಾರೆ. ಇದು ರೆಫರೆಂಟ್ ಹಾಗೆ ಕಾಣುವ ಕೋಯರ್ಸಿವ್. ಅಕ್ಕ ಹೊಗಳುತ್ತಾರೆ ಎಂದು ಉಳಿದಿದ್ದರೆ ರಿವಾರ್ಡ್. ಅಕ್ಕ ಏನೆಂದರೂ, ಏನೂ ಅನ್ನದಿದ್ದರೂ, ಗೊತ್ತಾಗದೇ ಹೋದರೂ ತಾನು ಹಾಗೇ ಇರುವವಳು ಎಂದಾದರೆ ಮಾತ್ರ ರೆಫರೆಂಟ್. ಈ ಭೇದವನ್ನು ಮೂಲ ಬರಹದಲ್ಲೇ ಅವರಿಬ್ಬರು ಗುಂಪಿನ ಉದಾಹರಣೆ ಕೊಟ್ಟು ಬಿಡಿಸಿದ್ದಾರೆ. ಗುಂಪು ಗೇಲಿ ಮಾಡುತ್ತದೆಂದು ಅದರ ಹಾಗೆ ನಡೆಯುವುದು ಬೇರೆ, ಗುಂಪಿನವನಾಗಿರಲು ಇಷ್ಟಪಟ್ಟು ನಡೆಯುವುದು ಬೇರೆ.

ಲೆಜಿಟಿಮೇಟ್ ಮತ್ತು ಕೋಯರ್ಸಿವ್ ನಡುವಿನ ಗೊಂದಲ ಇನ್ನೊಂದು ಬಗೆಯದು. ಇದಕ್ಕೆ ಮುರಿದ ಸೂಜಿಯ ರಿಜಿಸ್ಟರ್ ಒಳ್ಳೆಯ ಉದಾಹರಣೆ.

ರಫ್ತಿನ ಬಟ್ಟೆಯಲ್ಲಿ ಸೂಜಿಯ ಚೂರು ಸಿಕ್ಕಿಕೊಂಡು ಹೋಗುವಂತಿಲ್ಲ. ಸೂಜಿ ಮುರಿದರೆ ಟೈಲರ್ ಮಷೀನು ನಿಲ್ಲಿಸಿ ಸೂಪರ್‌ವೈಸರ್‌ಗೆ ಹೇಳಬೇಕು. ಎಲ್ಲ ಚೂರೂ ಹುಡುಕಿ, ಸೇರಿಸಿದರೆ ಪೂರ್ತಿ ಸೂಜಿ ಆಗುತ್ತದಾ ಎಂದು ನೋಡಿ, ರಿಜಿಸ್ಟರ್‌ಗೆ ಟೇಪ್ ಹಾಕಿ ಅಂಟಿಸಬೇಕು. ಆಮೇಲೆ ಹೊಸ ಸೂಜಿ. ಒಂದು ಚೂರು ಸಿಗದಿದ್ದರೆ ಆ ಮಷೀನಿನ ಸುತ್ತಲಿನ ಪೀಸುಗಳೆಲ್ಲ ಡಿಟೆಕ್ಟರ್ ಕೆಳಗೆ ಹೋಗಬೇಕು. ಗುರುವಾರ ಬೆಳಗ್ಗೆ, ಕೊರತೆ ತುಂಬುವ ಅವಸರದಲ್ಲೇ, ಕಾಲರ್‌ನವಳ ಸೂಜಿ ಮುರಿಯಿತು. ಮೂರು ಚೂರಲ್ಲಿ ಎರಡು ಸಿಕ್ಕವು. ಅವಳು ಕೈ ಎತ್ತಿದಳು, ಲೈನ್ ಸ್ವಲ್ಪ ಹೊತ್ತು ಕುಂಟಿತು.

ನಿಯಮ ಮುರಿದರೆ ಮೆಮೊ ಕೊಡುವ ಅಧಿಕಾರ ಮ್ಯಾನೇಜರ್‌ಗೆ ಇದೆ, ಅದು ಎಲ್ಲರಿಗೂ ಗೊತ್ತು. ಹಾಗಾದರೆ ಕಾಲರ್‌ನವಳು ಕೈ ಎತ್ತಿದ್ದು ಕೋಯರ್ಸಿವ್‌ಗಾ? ಮೆಮೊ ಎಂಬ ಪದ ಕಂಡ ಕೂಡಲೇ ಕೋಯರ್ಸಿವ್ ಎಂದು ಬರೆಯುವ ವಿದ್ಯಾರ್ಥಿಗೂ, ಮೆಮೊ ಕೊಡುವುದು ಕಂಪನಿಯ ನಿಯಮದಲ್ಲೇ ಇದೆ, ಆದ್ದರಿಂದ ಲೆಜಿಟಿಮೇಟ್ ಎಂದು ಬರೆಯುವ ವಿದ್ಯಾರ್ಥಿಗೂ ಅಡ್ಡಬರುವುದು ಒಂದೇ. ಇಬ್ಬರೂ ಮ್ಯಾನೇಜರ್ ಕೈಯಲ್ಲಿರುವ ಕಾಗದವನ್ನು ನೋಡುತ್ತಿದ್ದಾರೆ. ಶಿಕ್ಷೆಗೆ ನಿಯಮದ ಆಧಾರ ಇದೆ ಎಂಬುದು ಒಂದು ಸಂಗತಿ, ಟೈಲರ್ ಆ ಶಿಕ್ಷೆಗೆ ಹೆದರಿ ನಡೆದಳೇ ಎಂಬುದು ಇನ್ನೊಂದು. ಹೆದರಿ ನಡೆದರೆ, ಮೆಮೊ ಎಷ್ಟೇ ನಿಯಮಬದ್ಧವಾಗಿದ್ದರೂ ಅದು ಕೋಯರ್ಸಿವ್ ಪವರೇ. ನಿಯಮದ ಬೆಂಬಲ ಇದ್ದರೆ ಆಗುವ ವ್ಯತ್ಯಾಸ ಏನೆಂದರೆ ಶಿಕ್ಷೆಗೆ ಎದುರಾಗಿ ಏಳುವ ಸಿಟ್ಟು, ಪ್ರತಿರೋಧ ಕಮ್ಮಿ ಇರುತ್ತದೆ. ಇದೂ ಅವರಿಬ್ಬರ ಊಹೆಗಳಲ್ಲಿ ಒಂದು. ಹೋದ ತಿಂಗಳು ಕಾರಣ ಹೇಳದೆ ಕಷ್ಟದ ಆಪರೇಷನ್‌ಗೆ ಹಾಕಿದ್ದು ಮನಸ್ಸಿನಲ್ಲಿ ಕೊರೆಯುತ್ತಲೇ ಇರುವುದು, ನಿಯಮ ಓದಿ ಹೇಳಿ ಕೊಟ್ಟ ಮೆಮೊ ಅಷ್ಟು ಕೊರೆಯದಿರುವುದು ಇದಕ್ಕೇ.

ಭಯದಿಂದ ನಡೆಯುವ ಫ್ಲೋರ್‌ನಲ್ಲಿ ಮುರಿದ ಸೂಜಿ ಏನಾಗುತ್ತದೆ ನೋಡಿ. ಕೈ ಎತ್ತಿದರೆ ಲೈನ್ ನಿಲ್ಲುತ್ತದೆ, ಟಾರ್ಗೆಟ್ ಬೀಳುತ್ತದೆ, ಬೈಗುಳ ಬರುತ್ತದೆ. ಎತ್ತದಿದ್ದರೆ, ಸಿಕ್ಕಿಬಿದ್ದರೆ ಮಾತ್ರ ಮೆಮೊ. ಟೈಲರ್ ತನ್ನ ಡಬ್ಬಿಯಲ್ಲಿ ಬಚ್ಚಿಟ್ಟ ಸೂಜಿ ಹಾಕಿಕೊಂಡು ಮುಂದುವರಿಯುತ್ತಾಳೆ. ಕೋಯರ್ಸಿವ್ ಪವರ್ ಹುಟ್ಟಿಸುವುದು ನಿಯಮಪಾಲನೆಯನ್ನಲ್ಲ, ಸಿಕ್ಕಿಬೀಳದಿರುವ ಜಾಣತನವನ್ನು. 40 ಮಷೀನು ದಿನವಿಡೀ ಓಡುವ ಲೈನ್‌ನಲ್ಲಿ ತಿಂಗಳೆಲ್ಲ ರಿಜಿಸ್ಟರ್ ಖಾಲಿ ಇದ್ದರೆ ಆಡಿಟರ್ ಖುಷಿಪಡುವುದಿಲ್ಲ, ಅನುಮಾನಪಡುತ್ತಾನೆ. ಕಾಲರ್‌ನವಳಿಗೆ ಅದು ಭಯದ ಪ್ರಶ್ನೆಯಾಗಿರಲಿಲ್ಲ. ಸೂಜಿ ಮುರಿದರೆ ಹೇಳಬೇಕು, ಇದು ಇಲ್ಲಿನ ಕ್ರಮ, ಕೇಳುವ ಹಕ್ಕು ಅವರದು. ಯಾರೂ ನೋಡದಿದ್ದರೂ ಅವಳು ಕೈ ಎತ್ತುತ್ತಿದ್ದಳು.

ಆದರೆ ಲೆಜಿಟಿಮೇಟ್‌ಗೂ ಎಲ್ಲೆ ಇದೆ. ಅಮೆರಿಕದ ಟೆಲಿಫೋನ್ ಕಂಪನಿಯೊಂದರ ಮುಖ್ಯಸ್ಥರಾಗಿದ್ದ ಚೆಸ್ಟರ್ ಬರ್ನಾರ್ಡ್ 1938ರಲ್ಲೇ ಇದನ್ನು ಚೆನ್ನಾಗಿ ಹೇಳಿದ್ದರು: ಕೆಲವು ಆಜ್ಞೆಗಳನ್ನು ಕೆಲಸಗಾರರು ಪ್ರಶ್ನಿಸದೆ ಒಪ್ಪುವ ಒಂದು ವಲಯ ಇರುತ್ತದೆ, ಅದರಾಚೆಗಿನದಕ್ಕೆ ಅಧಿಕಾರ ತಾನಾಗಿ ಹರಿಯುವುದಿಲ್ಲ. ಕಾಲರ್‌ನವಳ ಪಾಲಿಗೆ ಎರಡು ಗಂಟೆ ಓವರ್‌ಟೈಮ್ ಆ ವಲಯದೊಳಗೆ ಇದೆ. ಮ್ಯಾನೇಜರ್ ಅವಳನ್ನು ತಮ್ಮ ಮನೆಯ ಗೃಹಪ್ರವೇಶಕ್ಕೆ ಹೂವು ಕಟ್ಟಲು ಬಾ ಎಂದು ಕರೆದರೆ ಕುರ್ಚಿಯ ಬಲ ಅಲ್ಲಿಗೆ ತಲುಪುವುದಿಲ್ಲ. ಅವಳು ಹೋದರೂ ಬೇರೆ ಯಾವುದೋ ಬಲಕ್ಕೆ ಹೋಗಿರುತ್ತಾಳೆ. ಕ್ವಿಜ್‌ನಲ್ಲಿ ಮ್ಯಾನೇಜರ್ ಹುದ್ದೆಗೆ ಸಂಬಂಧವಿಲ್ಲದ ಕೆಲಸ ಹೇಳಿದ್ದರೆ ಲೆಜಿಟಿಮೇಟ್ ಅನ್ನು ಮೊದಲು ಕೈಬಿಡಿ.

ಇಷ್ಟಾದ ಮೇಲೆ ಆರಂಭದ ಕೆಟ್ಟ ಪ್ರಶ್ನೆಯನ್ನು ಸರಿಮಾಡುವುದು ಕಷ್ಟವಲ್ಲ. ಮ್ಯಾನೇಜರ್ ಸಾಲು ಹಾಗೇ ಇರಲಿ, ಅದಕ್ಕೆ ಕೇಳಿದವಳ ಕಾರಣ ಒಂದು ಸಾಲು ಸೇರಿಸಬೇಕು: ‘ಮ್ಯಾನೇಜರ್ ಎರಡು ಗಂಟೆ ಹೆಚ್ಚು ಇರಲು ಹೇಳಿದರು. ಹಿಂದೆ ಒಲ್ಲೆನೆಂದವಳನ್ನು ಕಷ್ಟದ ಕೆಲಸಕ್ಕೆ ಹಾಕಿದ್ದು ನೆನಪಾಗಿ ಟೈಲರ್ ಉಳಿದಳು. ಅವರು ಬರದ ದಿನ ಹೊತ್ತಿಗೆ ಸರಿಯಾಗಿ ಹೊರಟಳು.’ ಇದಕ್ಕೆ ಉತ್ತರ ಒಂದೇ. ಕಾರಣವನ್ನು ನೇರವಾಗಿ ಹೇಳಿದರೆ ಉತ್ತರ ಬಿಟ್ಟುಕೊಟ್ಟಂತಾಗುತ್ತದೆ ಎಂದು ಕೆಲವು ಮೇಷ್ಟ್ರುಗಳ ಆಕ್ಷೇಪ. ‘ನೆನಪಾಗಿ’ ಎಂಬ ಸಾಲು ತೆಗೆದು, ಅವರು ಬರದ ದಿನದ ಸಾಲನ್ನು ಮಾತ್ರ ಇಟ್ಟರೆ ಪ್ರಶ್ನೆ ಗಟ್ಟಿಯಾಗುತ್ತದೆ. ಆದರೆ ಆಗ ಆಯ್ಕೆಗಳಲ್ಲಿ ರಿವಾರ್ಡ್ ಇರಬಾರದು, ಅದೂ ಯಾರಾದರೂ ನೋಡಿದರೆ ಮಾತ್ರ ನಡೆಯುವಂಥದ್ದೇ.

ನಿಜವಾದ ಫ್ಲೋರ್‌ನಲ್ಲಿ ಒಬ್ಬಳ ಮನಸ್ಸಿನಲ್ಲಿ ಒಂದೇ ಕಾರಣ ಇರುವುದು ಅಪರೂಪ. ಗುಂಡಿಯವಳಿಗೆ ಕೂಲಿಯೂ ಬೇಕು, ಅಕ್ಕನ ಮೇಲೆ ಗೌರವವೂ ಇದೆ, ಒಳಗೊಳಗೆ ಸ್ವಲ್ಪ ಅಳುಕೂ ಇದೆ. ಕಾರ್ಮಿಕರಿಗೆ ಐದು ಬಗೆಯ ಪವರ್ ತಲಾ ಒಂದೊಂದು ಸಾಲಲ್ಲಿ ಕೊಟ್ಟು ‘ಕ್ರಮವಾಗಿ ಜೋಡಿಸಿ’ ಎಂದು ಮಾಡಿದ ಹಳೆಯ ಸಮೀಕ್ಷೆಗಳು ಇಲ್ಲೇ ಎಡವಿದವು. ಒಂದನ್ನು ಮೇಲಿಟ್ಟರೆ ಇನ್ನೊಂದು ತಾನಾಗಿ ಕೆಳಗೆ ಹೋಗಲೇಬೇಕು, ಎರಡೂ ಹೆಚ್ಚಿರಬಹುದು ಎಂಬುದಕ್ಕೆ ಜಾಗವಿಲ್ಲ. ಸಂಶೋಧಕರಾದ ಪೊಡ್ಸಕಾಫ್ ಮತ್ತು ಶ್ರೀಷೈಮ್ 1985ರಲ್ಲಿ ಈ ದೋಷಗಳನ್ನು ಎತ್ತಿ ತೋರಿಸಿದರು. ನಾಲ್ಕು ವರ್ಷದ ನಂತರ ಹಿಂಕಿನ್ ಮತ್ತು ಶ್ರೀಷೈಮ್ ಪ್ರತಿಯೊಂದು ಬಗೆಗೂ ಹಲವು ಸಾಲುಗಳಿರುವ, ಒಂದಕ್ಕೊಂದು ಅಂಟಿಕೊಳ್ಳದ ಪ್ರಶ್ನಾವಳಿ ಮಾಡಿದರು. ಪರೀಕ್ಷೆಯ ಬಹು ಆಯ್ಕೆ ಪ್ರಶ್ನೆಗೆ ಆ ಸೌಲಭ್ಯ ಇಲ್ಲ, ಒಂದಕ್ಕೇ ಟಿಕ್ ಹಾಕಬೇಕು. ಆದ್ದರಿಂದ ಗುಂಡಿಯವಳಂಥವಳನ್ನು ಕ್ವಿಜ್‌ಗೆ ತರಬಾರದು, ಐದು ಅಂಕದ ಪ್ರಶ್ನೆಗೆ ತರಬೇಕು. ‘ಅವಳನ್ನು ಉಳಿಸಿದ ಕಾರಣಗಳನ್ನು ಬಿಡಿಸಿ, ಪ್ರತಿಯೊಂದಕ್ಕೂ ಪ್ರಕರಣದಲ್ಲಿ ಸಿಗುವ ಸಾಕ್ಷ್ಯ ತೋರಿಸಿ’ ಎಂದು ಕೇಳಿದರೆ ಆಯಿತು. ಸಾಕ್ಷ್ಯಕ್ಕೆ ಎರಡು ಅಂಕ ಬೇರೆ ಇಡಿ, ಬರೀ ಹೆಸರು ಪಟ್ಟಿ ಮಾಡಿದವರು ಅದನ್ನು ಕಳೆದುಕೊಳ್ಳಲಿ.